ಮೊದಲ ಹಾಡಿನಲ್ಲಿ ಯಾವ ತಪ್ಪನ್ನು ಮೊದಲು ಹೇಳುವುದು?

ಕುಮಟಾದ ಅಕ್ಕೋರು ಕೇಳಿದ್ದು: ಎಲ್ಲರಿಗೂ ನಮಸ್ಕಾರ. ತದಡಿ ಕಡೆಯ ನನ್ನ ವಿದ್ಯಾರ್ಥಿನಿ, ಪಿಯುಸಿ ಮೊದಲ ವರ್ಷ, ಜೀವನದಲ್ಲಿ ಮೊದಲ ಸಲ ಒಂದು ಹಾಡು ಬರೆದು ತಂದಿದ್ದಾಳೆ. ಅವಳನ್ನು ಕೇಳಿಯೇ ಇಲ್ಲಿ ಹಾಕಿದ್ದೇನೆ. ತಪ್ಪು ಸುಮಾರು ಕಾಣುತ್ತವೆ. ಎಲ್ಲವನ್ನೂ ಹೇಳಿದರೆ ಬರೆಯುವುದನ್ನೇ ಬಿಟ್ಟಾಳು ಅಂತ ಹೆದರಿಕೆ, ಸುಳ್ಳು ಹೊಗಳಲಿಕ್ಕೂ ಮನಸ್ಸಿಲ್ಲ. ಯಾವುದನ್ನು ಮೊದಲು ಹೇಳಲಿ?

ಮಳೆ ಬಂತು ಮಳೆ ಬಂತು ಅಘನಾಶಿನಿಗೆ
ಮನಸು ಕುಣಿಯಿತು ನವಿಲಿನಂತೆ ಹಾಗೆ

ಆಷಾಢ ಮಾಸದಲಿ ಅಪ್ಪ ಹೋದನು ಕಡಲಿಗೆ
ಅವ್ವನ ಮಡಿಲಲ್ಲಿ ಹರಿದ ಬಲೆ ನಿದ್ದೆ
ಹೇಗೆ ಹೇಳಲಿ ನನ್ನ ಮನದ ಈ ನೋವ
ಓ ದೇವ ಓ ದೇವ ಕೇಳು ನೀ ದೇವ

ಅಂಕೋಲೆಯವರು: ಮಾತ್ರೆ ಎಣಿಸಿ ನೋಡಿದೆ. ಪಲ್ಲವಿ ಸರಿ ಇದೆ, 17 ಮತ್ತು 16. ತಪ್ಪಿರುವುದು ಚರಣದಲ್ಲಿ. ಆಷಾಢದ ಸಾಲು 21 ಆಗಿದೆ. ‘ಅವ್ವನ’ ಅನ್ನುವಲ್ಲಿ ಒಂದು ಮಾತ್ರೆ ಕಡಿಮೆ, ‘ಅವ್ವನಾ’ ಅಂತ ಮಾಡಲಿ. ಮೊದಲು ಛಂದಸ್ಸು ಕಲಿಸಿ, ಉಳಿದದ್ದು ಆಮೇಲೆ.

ಕಾರವಾರದವರು: ಆಷಾಢದಲ್ಲಿ ಮೀನುಗಾರಿಕೆಯೇ ಬಂದ್ ಇರುತ್ತದಲ್ಲ. ಅಪ್ಪ ಕಡಲಿಗೆ ಹೋದದ್ದು ಹೇಗೆ? ಮೊದಲು ಅದನ್ನು ತಿದ್ದಿಸಬೇಕು.

ಹೊನ್ನಾವರದವರು: ನನ್ನದೂ ಒಂದು ಮಳೆ ಹಾಡು ಇದೆ, ನಾಲ್ಕು ಚರಣ. ಮೇಘ ಮಲ್ಹಾರದಲ್ಲಿ ಕೂರಿಸಬಹುದಾ ಹೇಳಿ.

ಶಿರಸಿಯಿಂದ ಉತ್ತರ:

ಅಕ್ಕೋರೇ, ಈ ಆರು ಸಾಲುಗಳಲ್ಲಿ ಲೆಕ್ಕ ಎಲ್ಲಕ್ಕಿಂತ ಚೊಕ್ಕವಾಗಿರುವುದು ‘ಓ ದೇವ ಓ ದೇವ’ ಅನ್ನುವ ಸಾಲಿನದು. ತಾಳದ ಪೆಟ್ಟು ಐದು ಮಾತ್ರೆಗೊಂದು ಅಂತ ಹಿಡಿದರೆ ಐದು, ಐದು, ಐದು, ಕೊನೆಗೆ ಮೂರು. ಒಂದು ಪದವೂ ತಾಳಕ್ಕೆ ತುಂಡಾಗುವುದಿಲ್ಲ. ಆದರೆ ಹಾಡಿನಲ್ಲಿ ಏನೂ ಹೇಳದ ಸಾಲೂ ಅದೇ. ‘ಅವ್ವನ ಮಡಿಲಲ್ಲಿ ಹರಿದ ಬಲೆ ನಿದ್ದೆ’ ಅನ್ನುವುದರಲ್ಲಿ ಒಂದು ಮಾತ್ರೆ ಕಡಿಮೆ ಇದೆ, ಕ್ರಿಯಾಪದವೂ ಇಲ್ಲ. ಆದರೂ ಇಡೀ ಹಾಡು ನಿಂತಿರುವುದು ಆ ಸಾಲಿನ ಮೇಲೆ. ಮಗು ಮಲಗುವ ಜಾಗದಲ್ಲಿ ಬಲೆ ಮಲಗಿದೆ, ಅದೂ ಹರಿದ ಬಲೆ. ಮನೆಯಲ್ಲಿ ಕಂಡದ್ದನ್ನು ಬರೆದಿದ್ದಾಳೆ. ಮಾತ್ರೆ ಎಣಿಸಿ ತಪ್ಪು ಹೇಳುತ್ತ ಹೋದರೆ ಒಳ್ಳೆಯ ಸಾಲಿಗೆ ಕೆಂಪು ಗೆರೆ ಬೀಳುತ್ತದೆ, ಖಾಲಿ ಸಾಲು ಪಾಸಾಗುತ್ತದೆ. ಹಾಗಾಗಿ ಅಂಕೋಲೆಯವರು ಹೇಳಿದ ಕ್ರಮ ಇಲ್ಲಿ ಬೇಡ ಅನ್ನುತ್ತೇನೆ. ಅವರ ಎಣಿಕೆಯಲ್ಲಿ ತಪ್ಪಿಲ್ಲ.

ಯಾವುದನ್ನು ತಿದ್ದಿದರೆ ಬೇರೆ ತಪ್ಪುಗಳು ತಾವಾಗಿ ಬಿದ್ದುಹೋಗುತ್ತವೋ ಅದನ್ನು ಮೊದಲು ಹೇಳಿ. ನಾಳೆ ಅಳಿಸಿಹೋಗಬಹುದಾದ ಸಾಲಿನ ಪ್ರಾಸ, ಮಾತ್ರೆ ತಿದ್ದಿಸಿದರೆ ಅವಳ ಶ್ರಮವೂ ಹಾಳು, ನಿಮ್ಮ ಮಾತೂ ಹಾಳು.

ಈ ಹಾಡಿನಲ್ಲಿ ಆ ತಪ್ಪು ಇರುವುದು ಪಲ್ಲವಿಯಲ್ಲಿ. ಚರಣದಲ್ಲಿ ಅಪ್ಪ ಕಡಲಿಗೆ ಹೋಗಿದ್ದಾನೆ, ಅವ್ವ ಹರಿದ ಬಲೆ ಇಟ್ಟುಕೊಂಡು ಕೂತಿದ್ದಾಳೆ. ಪಲ್ಲವಿಯಲ್ಲಿ ಮನಸ್ಸು ನವಿಲಿನಂತೆ ಕುಣಿಯುತ್ತಿದೆ. ಕವಿತೆಯಾಗಿದ್ದರೆ ಓದುಗ ಒಮ್ಮೆ ದಾಟಿಬಿಡುತ್ತಿದ್ದ. ಹಾಡಿನಲ್ಲಿ ಪ್ರತಿ ಚರಣ ಮುಗಿದ ಮೇಲೂ ಪಲ್ಲವಿ ತಿರುಗಿ ಬರುತ್ತದೆ. ಅವ್ವನ ಮಡಿಲಿನ ಬಲೆಯನ್ನು ಹಾಡಿದ ಬಾಯಲ್ಲೇ ಮತ್ತೆ ನವಿಲನ್ನು ಕುಣಿಸಬೇಕು. ಇದನ್ನು ನೀವು ವಿವರಿಸುವುದೇ ಬೇಡ. ಚರಣ ಹಾಡಿ, ನಿಲ್ಲದೆ ಪಲ್ಲವಿಗೆ ಬಾ ಅಂತ ಹೇಳಿ. ಗೊತ್ತಿರುವ ಯಾವುದೇ ಧಾಟಿಯಲ್ಲಿ ಎರಡು ಸಲ ಹಾಡಿದರೂ ಸಾಕು, ನವಿಲು ಬಂದಾಗ ಅವಳೇ ತಡವರಿಸುತ್ತಾಳೆ.

ಆಮೇಲೆ ಒಂದೇ ಪ್ರಶ್ನೆ ಕೇಳಿ: ಈ ಮಳೆ ಬಂದಾಗ ನಿಮ್ಮ ಮನೆಯಲ್ಲಿ ಸಂತೋಷವೋ, ಹೆದರಿಕೆಯೋ? ಉತ್ತರವನ್ನು ನೀವು ಮೊದಲೇ ತೀರ್ಮಾನ ಮಾಡಿಕೊಂಡು ಹೋಗಬೇಡಿ. ಹೆದರಿಕೆ ಅಂದರೆ ಎರಡನೇ ಸಾಲು ಬದಲಾಗುತ್ತದೆ. ಮೊದಲ ಮಳೆಗೆ ಖುಷಿ, ಆಮೇಲೆ ಹೆದರಿಕೆ ಅಂದರೆ ಅದೂ ನಿಜವೇ. ಆಗ ಖುಷಿ ಒಂದು ಚರಣದೊಳಗೆ ಹೋಗಬೇಕು, ತಿರುಗಿ ತಿರುಗಿ ಬರುವ ಜಾಗದಲ್ಲಿ ಇರಬಾರದು. ಯಾವ ದಾರಿ ಹಿಡಿದರೂ ನವಿಲಿನ ಸಾಲು ಈಗಿರುವ ಹಾಗೆ ಉಳಿಯುವುದಿಲ್ಲ. ಅದರ ಜೊತೆಗೆ ಹಳೆಯ ಉಪಮೆ ಹೋಯಿತು, ‘ನಿಗೆ’ಗೆ ಪ್ರಾಸ ಹೊಂದಿಸಲು ತಂದ ‘ಹಾಗೆ’ ಹೋಯಿತು, ತಾಳದ ಎಡವಟ್ಟೂ ಹೋಯಿತು. ಒಂದು ಪ್ರಶ್ನೆಗೆ ಮೂರು ತಪ್ಪು ಕಳೆದವು, ಹುಡುಗಿಯ ಕಿವಿಗೆ ಬಿದ್ದದ್ದು ಒಂದೇ.

ಆ ಸಾಲಿನಲ್ಲಿ ತಾಳದ ಎಡವಟ್ಟು ಎಲ್ಲಿದೆ ಅಂತ ಅಂಕೋಲೆಯವರು ಕೇಳಬಹುದು. 16 ಅನ್ನುವ ಲೆಕ್ಕ ಸರಿ, ಆದರೆ ಒಟ್ಟು ಎಣಿಸಿದರೆ ಇದು ಕಾಣುವುದಿಲ್ಲ. ಐದೈದಾಗಿ ಕತ್ತರಿಸಿ ನೋಡಿ. ಮೊದಲ ಸಾಲು ಹೀಗೆ:

ಮಳೆ ಬಂತು / ಮಳೆ ಬಂತು / ಅಘನಾಶಿ / ನಿಗೆ

‘ಮಳೆ’ ಎರಡು, ‘ಬಂತು’ ಮೂರು. ಝಪ್ತಾಲದ 2-3-2-3ಕ್ಕೆ ಹೇಳಿ ಮಾಡಿಸಿದ ಹಾಗಿದೆ. ಹುಡುಗಿಗೆ ಝಪ್ತಾಲದ ಹೆಸರು ಗೊತ್ತಿರಲಿಕ್ಕಿಲ್ಲ, ಕಿವಿ ತಾನೇ ಹಿಡಿದಿದೆ. ಎರಡನೇ ಸಾಲು ಹೀಗೆ:

ಮನಸು ಕುಣಿ / ಯಿತು ನವಿಲಿ / ನಂತೆ ಹಾ / ಗೆ

ಪೆಟ್ಟು ಬೀಳುವುದು ‘ಯಿ’ ಮೇಲೆ, ‘ನಂ’ ಮೇಲೆ, ‘ಗೆ’ ಮೇಲೆ. ಕನ್ನಡದಲ್ಲಿ ಪದದ ಮೊದಲ ಅಕ್ಷರಕ್ಕೆ ಒತ್ತು ಬಿದ್ದರೆ ಮಾತು ಸಲೀಸು. ಇಲ್ಲಿ ಮೂರು ಕಡೆಯೂ ಪದ ಮಧ್ಯಕ್ಕೆ ಮುರಿಯುತ್ತದೆ. ‘ಅಘನಾಶಿನಿ’ಯೂ ಮುರಿದಿದೆಯಲ್ಲ ಅಂದರೆ, ಹೌದು. ಆದರೆ ಅದು ಒಂದೇ ಕಡೆ, ಅದೂ ದನಿ ಎಳೆದು ನಿಲ್ಲುವ ಸಾಲಿನ ಕೊನೆಯಲ್ಲಿ. ಕಿವಿ ಅದನ್ನು ಒಪ್ಪುತ್ತದೆ.

ಇನ್ನು ಎರಡನೆಯದಾಗಿ ಹೇಳಬೇಕಾದದ್ದು ಆಷಾಢದ ಸಾಲು. ಅದು ಹಾಡಿನಲ್ಲಿ ಉಳಿಯುತ್ತದೆ, ಹಾಗಾಗಿ ಈಗಲೇ ತಿದ್ದುವುದರಲ್ಲಿ ಅರ್ಥವಿದೆ. ಐದರ ನಾಲ್ಕು ಪೆಟ್ಟಿಗೆ ಒಂದು ಸಾಲಿನಲ್ಲಿ 20 ಮಾತ್ರೆಯ ಜಾಗ. ಉಳಿದ ಸಾಲುಗಳು 16ರಿಂದ 18ರಲ್ಲಿ ಮುಗಿದು ಉಸಿರಿಗೆ ಜಾಗ ಬಿಡುತ್ತವೆ. ಇದು 21. ಉಸಿರು ಎಳೆಯುವ ಮೊದಲೇ ‘ಅವ್ವನ’ ಬಂದುಬಿಡುತ್ತದೆ. ಇದನ್ನೂ ಅಂಕಿಯಲ್ಲಿ ಹೇಳಬೇಡಿ. ನೀವು ಮೇಜಿನ ಮೇಲೆ ಐದಕ್ಕೊಂದು ಪೆಟ್ಟು ಹಾಕಿ, ಅವಳು ಹೇಳಲಿ. ‘ದನು ಕಡಲಿಗೆ’ ಅನ್ನುವಲ್ಲಿ ಓಡಬೇಕಾಗುತ್ತದೆ. ಎಲ್ಲಿ ಓಡಿದೆ ಅಂತ ಅವಳನ್ನೇ ಕೇಳಿ, ಇದರಲ್ಲಿ ಬೇಡದ ಪದ ಯಾವುದು ಅಂತಲೂ ಕೇಳಿ. ಆಷಾಢ ಅಂದ ಮೇಲೆ ‘ಮಾಸ’ ಬೇಕಿಲ್ಲ, ಮನೆಯಲ್ಲಿ ಯಾರೂ ‘ಹೋದನು’ ಅನ್ನುವುದಿಲ್ಲ. ‘ಆಷಾಢದಲಿ ಅಪ್ಪ ಕಡಲಿಗೆ ಹೋದ’ ಅಂದರೆ 5, 5, 4, 3 ಬರುತ್ತದೆ. ಇದು ನಿಮ್ಮ ತಿಳುವಳಿಕೆಗೆ ಮಾತ್ರ, ಸಾಲನ್ನು ಬರೆದು ಕೊಡಬೇಡಿ. ಕೊಟ್ಟರೆ ಅವಳ ಹಾಡಿನಲ್ಲಿ ನಿಮ್ಮ ಸಾಲು ಕೂರುತ್ತದೆ, ಮುಂದಿನ ಹಾಡಿಗೂ ಅವಳು ನಿಮ್ಮ ಬಾಯಿಯನ್ನೇ ಕಾಯುತ್ತಾಳೆ.

ಇಲ್ಲಿ ‘ಕಡಲಿಗೆ’ ನಾಲ್ಕೇ ಆಯಿತಲ್ಲ ಅನ್ನಬಹುದು. ಹಾಡಿನಲ್ಲಿ ಒಂದು ಮಾತ್ರೆ ಕಡಿಮೆಯಾದರೆ ಹಾಡುವವರು ದನಿ ಎಳೆದು ತುಂಬಿಸುತ್ತಾರೆ. ಹೆಚ್ಚಾದರೆ ತುರುಕಬೇಕು, ಆಗ ಪದ ಕೇಳಿಸುವುದಿಲ್ಲ. ಹೊಸಬರಿಗೆ ಹೆಚ್ಚಾದದ್ದನ್ನು ತೋರಿಸಿ, ಕಡಿಮೆಯಾದದ್ದನ್ನು ಬಿಡಿ. ‘ಅವ್ವನ’ ಸಾಲನ್ನು ಮುಟ್ಟಬೇಡಿ ಅನ್ನುವುದೂ ಇದಕ್ಕೇ. ಹಾಡುವಾಗ ‘ನ’ ತಾನಾಗಿ ಉದ್ದವಾಗುತ್ತದೆ. ‘ಅವ್ವನಾ’ ಅಂತ ಬರೆದಿಟ್ಟರೆ ಓದುವಾಗ ಅವ್ವನನ್ನು ಕೂಗಿ ಕರೆದ ಹಾಗೆ ಕೇಳುತ್ತದೆ.

ಕಾರವಾರದವರ ಮಾತು ಅರ್ಧ ಸರಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಿಷೇಧ ಇರುವುದು ಯಾಂತ್ರೀಕೃತ ದೋಣಿಗಳಿಗೆ. ಸಾಂಪ್ರದಾಯಿಕ ನಾಡದೋಣಿಯವರು ಕಡಲು ಬಿಟ್ಟುಕೊಟ್ಟಾಗ ಹೋಗುತ್ತಾರೆ. ಅಪ್ಪ ಹೋದದ್ದು ಪಾತಿ ದೋಣಿಯಲ್ಲೋ ಏನೋ, ಅದು ಅವಳಿಗೆ ಗೊತ್ತು. ತಪ್ಪು ಅಂತ ಹೇಳುವ ಬದಲು ‘ಯಾವ ದೋಣಿಯಲ್ಲಿ?’ ಅಂತ ಕೇಳಿ. ದೋಣಿಯ ಹೆಸರು ಬಾಯಿಗೆ ಬಂದರೆ ಎರಡನೇ ಚರಣ ಅಲ್ಲೇ ಹುಟ್ಟಬಹುದು.

‘ಹೇಗೆ ಹೇಳಲಿ’ ಮತ್ತು ‘ಓ ದೇವ’ ಸಾಲುಗಳನ್ನು ಈ ಸಲ ಎತ್ತಬೇಡಿ. ಎರಡೂ ಸಾಲು ಬಂದಿರುವುದು ನೋವ–ದೇವ ಪ್ರಾಸಕ್ಕಾಗಿ, ಅದು ನನಗೂ ಕಾಣುತ್ತದೆ. ಆದರೆ ಒಂದು ಭೇಟಿಗೆ ಎರಡು ತಪ್ಪು ಸಾಕು. ಮೂರನೆಯದು ಬಂದ ಕೂಡಲೇ ಮೊದಲಿನ ಎರಡೂ ಮರೆತುಹೋಗಿ ‘ನನಗೆ ಬರೆಯಲಿಕ್ಕೆ ಬರುವುದಿಲ್ಲ’ ಅನ್ನುವುದೊಂದೇ ಉಳಿಯುತ್ತದೆ.

ಮಾತು ಶುರುಮಾಡುವಾಗ ‘ಚೆನ್ನಾಗಿದೆ’ ಅನ್ನಬೇಡಿ. ಯಾವುದು, ಯಾಕೆ ಅಂತ ಹೇಳಿ. ಇಷ್ಟು ಸಾಕು:

“ಹರಿದ ಬಲೆ ಮಡಿಲಲ್ಲಿ ನಿದ್ದೆ ಮಾಡುವುದನ್ನು ಓದಿ ನಿಮ್ಮ ಮನೆ ಕಣ್ಣಿಗೆ ಬಂತು. ಅದರಲ್ಲಿ ನೀನು ನೋವು ಅನ್ನುವ ಪದವನ್ನೇ ಬಳಸಲಿಲ್ಲ, ಆದರೂ ನೋವು ಗೊತ್ತಾಯಿತು. ಈಗ ಆ ಸಾಲನ್ನು ಹಾಡಿ, ಹಾಗೇ ಪಲ್ಲವಿಗೆ ಬಾ. ಏನನ್ನಿಸುತ್ತದೆ ಹೇಳು.”

ಹೊಗಳಿಕೆಯೂ ಇದೇ, ಅಳತೆಗೋಲೂ ಇದೇ. ‘ಹೇಗೆ ಹೇಳಲಿ ನನ್ನ ಮನದ ಈ ನೋವ’ ಯಾಕೆ ಸಪ್ಪೆ ಅನ್ನುವುದು ನೀವು ಬಾಯಿ ಬಿಡದೆಯೇ ಅವಳಿಗೆ ತಲುಪಲೂಬಹುದು. ಇದನ್ನು ಎದುರು ಕೂತು ಹೇಳಿ, ಗುಂಪಿನಲ್ಲಿ ಬೇಡ. ಅವಳ ಹಾಳೆಯ ಮೇಲೆ ಪೆನ್ನು ಆಡಿಸಬೇಡಿ. ತಿದ್ದಿ ತರಲು ಒಂದು ವಾರ ಬಿಡಿ.

ಹೊನ್ನಾವರದವರೇ, ನಿಮ್ಮ ಹಾಡನ್ನು ಬೇರೆಯಾಗಿ ಹಾಕಿ. ಸಾಲು ನೋಡದೆ ರಾಗ ಹೇಳಲಾಗುವುದಿಲ್ಲ, ಮಳೆ ಅಂದ ಮಾತ್ರಕ್ಕೆ ಮಲ್ಹಾರವೇ ಆಗಬೇಕೆಂದೂ ಇಲ್ಲ.

ಅಂಕೋಲೆಯವರು: ಪದ ಮುರಿಯುವುದನ್ನು ನಾನು ನೋಡಿರಲಿಲ್ಲ, ಒಪ್ಪಿದೆ. ಆದರೆ ‘ಅವ್ವನ’ ಬಗ್ಗೆ ಒಪ್ಪುವುದಿಲ್ಲ. ಈಗ ಬಿಟ್ಟರೆ ಮುಂದೆ ಎಲ್ಲ ಸಾಲಿನಲ್ಲೂ ಬಿಡುತ್ತಾಳೆ.

ಕುಮಟಾದ ಅಕ್ಕೋರು: ‘ಓ ದೇವ’ ಹೇಗಿದೆ ಅಂತ ಅವಳೇ ಕೇಳಿದರೆ? ಆ ಸಾಲು ಅವಳಿಗೆ ಬಹಳ ಇಷ್ಟ.

ಶಿರಸಿಯಿಂದ: ಕೇಳಿದರೆ ಮುಚ್ಚಿಡಬೇಡಿ. “ತಾಳಕ್ಕೆ ಎಲ್ಲಕ್ಕಿಂತ ಚೆಂದ ಕೂತಿದೆ. ಆದರೆ ಇದನ್ನು ಯಾರ ಹಾಡಿಗೆ ಬೇಕಾದರೂ ಹಾಕಬಹುದು, ಬಲೆಯ ಸಾಲು ನಿನ್ನ ಹಾಡಿಗೆ ಮಾತ್ರ” ಅನ್ನಿ. ಆಮೇಲೂ ಇಟ್ಟುಕೊಳ್ಳುತ್ತೇನೆ ಅಂದರೆ ಇಟ್ಟುಕೊಳ್ಳಲಿ. ಅಪ್ಪ ಕಡಲಿನಲ್ಲಿ ಇರುವಾಗ ಆ ಮನೆಯಲ್ಲಿ ನಿಜವಾಗಿ ಹೊರಡುವ ಮಾತು ಅದೇ ಇರಬಹುದು, ಅದನ್ನು ನಾನು ಇಲ್ಲಿಂದ ಹೇಳಲಾರೆ. ಅಂಕೋಲೆಯವರ ಹೆದರಿಕೆಯನ್ನೂ ತಳ್ಳಿಹಾಕುವುದಿಲ್ಲ, ಎರಡನೇ ಹಾಡು ಬಂದಾಗ ಕಡಿಮೆ ಮಾತ್ರೆಗಳನ್ನೂ ಎಣಿಸಿ ನೋಡೋಣ.