ಮೂರು ಬ್ಲಾಕ್‌ಗಳ ಔಟ್‌ಟರ್ನ್‌ಗೆ ಸರಾಸರಿ ತೆಗೆಯುವುದು ಹೇಗೆ?

ಪ್ರಶ್ನೆ: ನಮ್ಮದು ರೊಬಸ್ಟಾ ತೋಟ. ಈ ಸಲ ಮೂರು ಬ್ಲಾಕ್‌ಗಳಿಂದ ಒಟ್ಟು 200 ಚೀಲ ಚೆರಿ ಆಗಿದೆ. ಹೊಳೆ ಬದಿಯ ಬ್ಲಾಕ್‌ನಲ್ಲಿ 20 ಚೀಲ, ಔಟ್‌ಟರ್ನ್ 28. ಮನೆ ಹಿಂದಿನದರಲ್ಲಿ 40 ಚೀಲ, ಔಟ್‌ಟರ್ನ್ 27. ಗುಡ್ಡದ ಬ್ಲಾಕ್‌ನಲ್ಲಿ 140 ಚೀಲ, ಔಟ್‌ಟರ್ನ್ 24. ಮಗ ಕಂಪ್ಯೂಟರಿನಲ್ಲಿ ಸರಾಸರಿ ತೆಗೆದಾಗ 26.33 ಬಂತು. ವ್ಯಾಪಾರಿ ಮಾತ್ರ ಇಡೀ ಮಾಲಿಗೆ 25 ಎಂದು ಹಿಡಿದು, ಪಾಯಿಂಟಿಗೆ 400 ರೂಪಾಯಿಯಂತೆ ಕೊಡುತ್ತೇನೆ ಎನ್ನುತ್ತಾರೆ. ಅದು ಬೇಡವಾದರೆ ಬ್ಲಾಕ್‌ವಾರು 420, 410 ಮತ್ತು 380 ರೂಪಾಯಿ ಕೊಡುತ್ತಾರಂತೆ. ಇದರ ಸರಾಸರಿ 403 ಆಗುವುದರಿಂದ ಎರಡನೆಯದೇ ಲಾಭ ಎನ್ನಿಸುತ್ತಿದೆ. ಔಟ್‌ಟರ್ನ್‌ನಲ್ಲಿ ನನಗೆ ಮೋಸವಾಗುತ್ತಿದೆಯೇ? ಯಾವುದನ್ನು ಒಪ್ಪಲಿ?
— ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು

ಉತ್ತರ: ಔಟ್‌ಟರ್ನ್ ವಿಷಯದಲ್ಲಿ ವ್ಯಾಪಾರಿಯ ಲೆಕ್ಕ ಸರಿಯಾಗಿದೆ, ನಿಮಗೆ ಮೋಸವಾಗಿಲ್ಲ. ಆದರೆ ಬ್ಲಾಕ್‌ವಾರು ದರವನ್ನು ಈಗ ಹೇಳಿರುವ ರೂಪದಲ್ಲೇ ಒಪ್ಪಿಕೊಂಡರೆ ನಲವತ್ತೈದು ಸಾವಿರ ರೂಪಾಯಿಗಿಂತ ಹೆಚ್ಚು ಕಳೆದುಕೊಳ್ಳುತ್ತೀರಿ. ಎರಡು ಕಡೆಯೂ ನಿಮ್ಮನ್ನು ದಾರಿ ತಪ್ಪಿಸಿರುವುದು ಒಂದೇ ತಪ್ಪು. ಬೇರೆ ಬೇರೆ ಗಾತ್ರದ ಮೂರು ಗುಂಪುಗಳ ಸರಾಸರಿಗಳನ್ನು ಕೂಡಿಸಿ ಮೂರರಿಂದ ಭಾಗಿಸಿದ್ದೀರಿ.

ಔಟ್‌ಟರ್ನ್ 28 ಎಂದರೆ 50 ಕಿಲೋ ಚೆರಿಯ ಒಂದು ಚೀಲವನ್ನು ಹಲ್ಲಿಂಗ್ ಮಾಡಿದರೆ 28 ಕಿಲೋ ಕ್ಲೀನ್ ಕಾಫಿ ಸಿಗುತ್ತದೆ ಎಂದರ್ಥ. ಅದು ಚೀಲವೊಂದಕ್ಕೆ ಸಿಗುವ ಪ್ರಮಾಣವೇ ಹೊರತು ಬ್ಲಾಕ್‌ಗೆ ಕೊಟ್ಟ ಅಂಕವಲ್ಲ. ಆದ್ದರಿಂದ ಇಡೀ ಮಾಲಿನ ಔಟ್‌ಟರ್ನ್ ಬೇಕಾದರೆ ಮೊದಲು ಒಟ್ಟು ಎಷ್ಟು ಕಿಲೋ ಬೀಜ ಸಿಗುತ್ತದೆ ಎಂದು ತಿಳಿಯಬೇಕು. ನಂತರ ಅದನ್ನು ಒಟ್ಟು ಚೀಲಗಳಿಂದ ಭಾಗಿಸಬೇಕು.

ಹೊಳೆ ಬದಿಯ 20 ಚೀಲದಿಂದ 560 ಕಿಲೋ ಬರುತ್ತದೆ. ಮನೆ ಹಿಂದಿನ 40 ಚೀಲದಿಂದ 1,080 ಕಿಲೋ, ಗುಡ್ಡದ 140 ಚೀಲದಿಂದ 3,360 ಕಿಲೋ. ಮೂರೂ ಸೇರಿ 5,000 ಕಿಲೋ. ಇದನ್ನು 200 ಚೀಲಗಳಿಗೆ ಹಂಚಿದರೆ ಚೀಲಕ್ಕೆ ಸರಿಯಾಗಿ 25 ಕಿಲೋ. ವ್ಯಾಪಾರಿ ಹೇಳಿದ್ದೂ ಅಷ್ಟೇ.

ನಿಮ್ಮ ಮಗ ತೆಗೆದ 26.33 ನಿಜವಾಗಬೇಕಿದ್ದರೆ ಆ 200 ಚೀಲಗಳಿಂದ ಸುಮಾರು 5,267 ಕಿಲೋ ಬೀಜ ಬರಬೇಕಿತ್ತು. ಹೆಚ್ಚುವರಿ 267 ಕಿಲೋ ನಿಮ್ಮ ಕಣದಲ್ಲೂ ಇಲ್ಲ, ಚೀಲದಲ್ಲೂ ಇಲ್ಲ. ಪಾಯಿಂಟಿಗೆ, ಅಂದರೆ ಕಿಲೋ ಬೀಜಕ್ಕೆ, 400 ರೂಪಾಯಿಯಂತೆ ಅದರ ಬೆಲೆ ಒಂದು ಲಕ್ಷ ದಾಟುತ್ತದೆ. ಇಷ್ಟು ದೊಡ್ಡ ಮೊತ್ತ ಕೈತಪ್ಪಿತು ಎಂದು ಯಾರಿಗಾದರೂ ಅನುಮಾನ ಬರುವುದು ಸಹಜವೇ. ಆದರೆ ಆ ಹಣ ಹುಟ್ಟಿದ್ದು ಭಾಗಾಕಾರದ ತಪ್ಪಿನಿಂದ. ಸಾದಾ ಸರಾಸರಿಯಲ್ಲಿ ಹೊಳೆ ಬದಿಯ 20 ಚೀಲಕ್ಕೂ ಗುಡ್ಡದ 140 ಚೀಲಕ್ಕೂ ಒಂದೇ ತೂಕ ಸಿಕ್ಕಿದೆ. ನಿಮ್ಮ ಮಾಲಿನ ಹತ್ತು ಚೀಲದಲ್ಲಿ ಏಳು ಗುಡ್ಡದ್ದೇ ಆಗಿರುವಾಗ ಒಟ್ಟು ಔಟ್‌ಟರ್ನ್ 24ರ ಹತ್ತಿರಕ್ಕೆ ಜಗ್ಗಲೇಬೇಕು.

ಕಂಪ್ಯೂಟರ್ ತಪ್ಪು ಮಾಡಿಲ್ಲ, ಕೇಳಿದ್ದನ್ನು ಕೊಟ್ಟಿದೆ. ಚೀಲಗಳ ಸಂಖ್ಯೆ B ಕಾಲಂನಲ್ಲಿ, ಔಟ್‌ಟರ್ನ್ C ಕಾಲಂನಲ್ಲಿ ಇದ್ದರೆ `AVERAGE` ಬದಲು ಮಗ ಇದನ್ನು ಬರೆಯಲಿ:

```
=SUMPRODUCT(B2:B4,C2:C4)/SUM(B2:B4)
```

ಇದು ಪ್ರತಿ ಸಾಲಿನ ಚೀಲವನ್ನು ಔಟ್‌ಟರ್ನ್‌ನಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಚೀಲಗಳಿಂದ ಭಾಗಿಸುತ್ತದೆ. ಎಲ್ಲ ಚೀಲಗಳೂ 50 ಕಿಲೋ ತೂಗುತ್ತವೆ ಎಂಬ ನಂಬಿಕೆ ಇದರಲ್ಲಿ ಅಡಗಿದೆ. ಕೆಲವು ಚೀಲಗಳು 45 ಕಿಲೋ ಇದ್ದರೆ ಚೀಲದ ಲೆಕ್ಕ ಬಿಟ್ಟು ತೂಕದ ಚೀಟಿಯಲ್ಲಿರುವ ಕಿಲೋವನ್ನು 50ರಿಂದ ಭಾಗಿಸಿ B ಕಾಲಂನಲ್ಲಿ ತುಂಬಬೇಕು.

ಇನ್ನು ದರದ ಮಾತು. ಇಲ್ಲಿ ಹೆಚ್ಚು ಎಚ್ಚರ ಬೇಕು, ಏಕೆಂದರೆ ಮೇಲಿನ ಪಾಠವನ್ನು ಕಲಿತವರೂ ಇಲ್ಲಿ ಎಡವುತ್ತಾರೆ. 420, 410, 380 ಇವುಗಳ ಸಾದಾ ಸರಾಸರಿ 403.33 ಎಂಬುದು ನಿಜ. ಅದು ಸರಿಯಲ್ಲ ಎಂದು ಗೊತ್ತಾದ ಮೇಲೆ ಹಲವರು ಈ ದರಗಳನ್ನೂ ಚೀಲಗಳಿಂದಲೇ ಗುಣಿಸಿ 200ರಿಂದ ಭಾಗಿಸುತ್ತಾರೆ. ಆಗ 390 ಬರುತ್ತದೆ. ಸತ್ಯಕ್ಕೆ ತುಂಬಾ ಹತ್ತಿರ ಬಂದರೂ ಅದೂ ಸರಿಯಲ್ಲ. ಪಾಯಿಂಟಿನ ದರ ಚೀಲಕ್ಕೆ ಕೊಡುವ ದರವಲ್ಲ. ಒಂದು ಪಾಯಿಂಟ್ ಎಂದರೆ ಚೀಲದಿಂದ ಸಿಗುವ ಒಂದು ಕಿಲೋ ಕ್ಲೀನ್ ಕಾಫಿ. ಹೀಗಾಗಿ 420 ರೂಪಾಯಿ ಎಂದರೆ ಕಿಲೋ ಬೀಜಕ್ಕೆ 420 ರೂಪಾಯಿ. ಪ್ರಮಾಣ ಯಾವುದರ ಮೇಲೆ ನಿಂತಿದೆಯೋ ಅದರಿಂದಲೇ ಗುಣಿಸಬೇಕು. ಔಟ್‌ಟರ್ನ್ ನಿಂತಿರುವುದು ಚೀಲದ ಮೇಲೆ, ದರ ನಿಂತಿರುವುದು ಬೀಜದ ಕಿಲೋ ಮೇಲೆ.

ಹಾಗೆ ಮಾಡಿದರೆ ಹೊಳೆ ಬದಿಯ 560 ಕಿಲೋಗೆ 420ರಂತೆ 2,35,200 ರೂಪಾಯಿ ಸಿಗುತ್ತದೆ. ಮನೆ ಹಿಂದಿನ 1,080 ಕಿಲೋಗೆ 410ರಂತೆ 4,42,800, ಗುಡ್ಡದ 3,360 ಕಿಲೋಗೆ 380ರಂತೆ 12,76,800. ಒಟ್ಟು 19,54,800 ರೂಪಾಯಿ. 5,000 ಕಿಲೋದಿಂದ ಭಾಗಿಸಿದರೆ ಪಾಯಿಂಟಿನ ನಿಜವಾದ ಸರಾಸರಿ ದರ 390 ರೂಪಾಯಿ 96 ಪೈಸೆ. ಇಡೀ ಮಾಲಿಗೆ ಒಂದೇ ದರ 400 ಆದರೆ ನಿಮಗೆ ಸಿಗುವುದು ಪೂರ್ತಿ 20 ಲಕ್ಷ. ಎರಡರ ನಡುವಿನ ಅಂತರ 45,200 ರೂಪಾಯಿ. 403 ನಿಮಗೆ ಲಾಭವೆಂದು ಕಂಡ ಜಾಗದಲ್ಲಿ ನಿಜವಾಗಿ ಇದ್ದದ್ದು ನಷ್ಟ. ಚೀಲದಿಂದ ಗುಣಿಸಿ ಪಡೆದ 390ಕ್ಕೂ 390.96ಕ್ಕೂ ವ್ಯತ್ಯಾಸ ಸಣ್ಣದೆನ್ನಿಸಬಹುದು. 5,000 ಕಿಲೋ ಮೇಲೆ ಅದು 4,800 ರೂಪಾಯಿ.

ಸಾದಾ ಸರಾಸರಿ ಯಾವಾಗಲೂ ತಪ್ಪೆಂದು ಭಾವಿಸಬೇಡಿ. ಮೂರೂ ಬ್ಲಾಕ್‌ಗಳಲ್ಲಿ ಸಮ ಚೀಲಗಳಿದ್ದರೆ ಎರಡೂ ದಾರಿಯಲ್ಲಿ ಒಂದೇ ಔಟ್‌ಟರ್ನ್ ಬರುತ್ತದೆ. ಔಟ್‌ಟರ್ನ್‌ಗಳು ಒಂದಕ್ಕೊಂದು ತೀರಾ ಹತ್ತಿರವಿದ್ದರೆ, ಉದಾಹರಣೆಗೆ 26, 26.2, 25.9 ಇದ್ದರೆ, ಚೀಲಗಳು ಎಷ್ಟೇ ಏರುಪೇರಾಗಿರಲಿ ಉತ್ತರ ಹೆಚ್ಚು ಕದಲುವುದಿಲ್ಲ. ಗಾತ್ರವೂ ಪ್ರಮಾಣವೂ ಎರಡೂ ಒಟ್ಟಿಗೆ ಬೇರೆ ಬೇರೆಯಾಗಿದ್ದಾಗ ಅಪಾಯ. ನಿಮ್ಮ ತೋಟದಲ್ಲಿ ಹಾಗೆಯೇ ಇದೆ. ಅತಿ ದೊಡ್ಡ ಬ್ಲಾಕ್‌ನಲ್ಲೇ ಅತಿ ಕಡಿಮೆ ಔಟ್‌ಟರ್ನ್. ಗುಡ್ಡದ ಮೇಲೆ ನೀರು ಸಾಲದೆ ಕಾಳು ಜೊಳ್ಳಾಗಿದ್ದರೆ ಹೀಗಾಗುವುದು ಅಪರೂಪವೇನಲ್ಲ.

ಉತ್ತರ ಸರಿಯೇ ಎಂದು ಪೆನ್ನು ಹಿಡಿಯುವ ಮೊದಲೇ ಅಂದಾಜು ಮಾಡಬಹುದು. ಒಟ್ಟು ಔಟ್‌ಟರ್ನ್ ಕನಿಷ್ಠ 24, ಗರಿಷ್ಠ 28ರ ನಡುವೆಯೇ ಇರಬೇಕು, ಮತ್ತು ದೊಡ್ಡ ಗುಂಪಿನ ಕಡೆಗೆ ವಾಲಿರಬೇಕು. ನಿಮ್ಮ 26.33 ನಡುಮಧ್ಯದ 26ಕ್ಕಿಂತಲೂ ಮೇಲಿತ್ತು. ಅಲ್ಲಿಗೇ ಅನುಮಾನ ಬರಬೇಕಿತ್ತು.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಇದೇ ತಪ್ಪು ಕಾಗದ ಮುಟ್ಟುವ ಮೊದಲು ಸ್ಯಾಂಪಲ್‌ನಲ್ಲಿಯೂ ನಡೆಯುತ್ತದೆ. ಮೂರೂ ಬ್ಲಾಕ್‌ಗಳಿಂದ ತಲಾ ಒಂದು ಬೊಗಸೆ ಚೆರಿ ತೆಗೆದು, ಬೆರೆಸಿ, ಆ ಮಿಶ್ರಣವನ್ನು ಹಲ್ಲಿಂಗ್ ಮಾಡಿ ತೂಗಿದರೆ 26.33ರ ಆಸುಪಾಸಿನ ಔಟ್‌ಟರ್ನ್ ಬರುತ್ತದೆ. ತಕ್ಕಡಿ ಸುಳ್ಳು ಹೇಳಿರುವುದಿಲ್ಲ, ಆದರೆ ಬೊಗಸೆಗಳೇ ಮಾಲಿನ ಅಳತೆಗೆ ತಕ್ಕಂತೆ ಇರುವುದಿಲ್ಲ. ಆ ಅಂಕಿ ನಂಬಿ ಮಾರಿದ ಮಾಲು ಕ್ಯೂರಿಂಗ್ ವರ್ಕ್ಸ್‌ನಲ್ಲಿ 25ಕ್ಕೆ ಇಳಿದಾಗ ಜಗಳ ಶುರುವಾಗುತ್ತದೆ. ಉಲ್ಟಾ ಕೂಡ ಆಗಬಹುದು. ಬಾಗಿಲ ಹತ್ತಿರ ಗುಡ್ಡದ ಚೀಲಗಳೇ ಪೇರಿಸಿದ್ದು, ಎಲ್ಲ ಸ್ಯಾಂಪಲ್ ಅಲ್ಲಿಂದಲೇ ತೆಗೆದರೆ ಔಟ್‌ಟರ್ನ್ 24 ಎಂದು ಬಂದು, 200 ಚೀಲದ ಮೇಲೆ 200 ಕಿಲೋ ನಿಮ್ಮದೇ ಬೀಜ ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಆದ್ದರಿಂದ ಬೆರಕೆ ಸ್ಯಾಂಪಲ್ ಬೇಕೆಂದರೆ ಚೀಲಗಳ ಅನುಪಾತದಲ್ಲಿ ತೆಗೆಸಿ. ಹತ್ತು ಚೀಲಕ್ಕೆ ಒಂದರಂತೆ ಹೊಳೆ ಬದಿಯದರಿಂದ 2 ಚೀಲ, ಮನೆ ಹಿಂದಿನದರಿಂದ 4, ಗುಡ್ಡದ್ದರಿಂದ 14 ಆರಿಸಿ, ಪ್ರತಿ ಚೀಲದಿಂದಲೂ ಒಂದೇ ಅಳತೆಯಷ್ಟು ತೆಗೆದು ಬೆರೆಸಬೇಕು. ನೀವು ಮಾಡಿಸಿದಂತೆ ಬ್ಲಾಕ್‌ವಾರು ಬೇರೆ ಬೇರೆ ನೋಡಿಸುವುದು ಇನ್ನೂ ಒಳ್ಳೆಯದು, ಏಕೆಂದರೆ ಯಾವ ಬ್ಲಾಕ್ ಸೋಲುತ್ತಿದೆ ಎಂಬುದೂ ಅದರಿಂದ ತಿಳಿಯುತ್ತದೆ.

ಈಗ ವ್ಯಾಪಾರಿಯ ಮುಂದೆ ಕುಳಿತಾಗ ಏನು ಕೇಳಬೇಕು? ಇದ್ದ ಹಾಗೆ ಆದರೆ ಔಟ್‌ಟರ್ನ್ 25, ದರ 400 ಎಂಬ ಮೊದಲ ಮಾತನ್ನೇ ಒಪ್ಪಿಕೊಳ್ಳಿ. ಬ್ಲಾಕ್‌ವಾರು ದರಕ್ಕೇ ಅವರು ಪಟ್ಟು ಹಿಡಿದರೆ ಹೊಳೆ ಬದಿಯ ಒಳ್ಳೆಯ ಮಾಲಿನ ಮೇಲೆ ಚೌಕಾಸಿ ಮಾಡುತ್ತಾ ಕೂರಬೇಡಿ. ಅಲ್ಲಿ 420ನ್ನು 430ಕ್ಕೆ ಏರಿಸಿದರೂ ನಿಮಗೆ ದಕ್ಕುವುದು 5,600 ರೂಪಾಯಿ ಮಾತ್ರ. ಗುಡ್ಡದ ಮಾಲಿನಲ್ಲಾದರೆ ಒಂದೊಂದು ರೂಪಾಯಿ ಏರಿಕೆಗೂ 3,360 ರೂಪಾಯಿ ಸಿಗುತ್ತದೆ. 420 ಮತ್ತು 410 ಹಾಗೆಯೇ ಇರಲಿ, ಗುಡ್ಡದ ಬ್ಲಾಕ್‌ಗೆ 380ರ ಬದಲು 394 ಕೇಳಿ. ಆಗ ಒಟ್ಟು 20,01,840 ರೂಪಾಯಿ ಆಗುತ್ತದೆ. ಅದಕ್ಕಿಂತ ಒಂದು ರೂಪಾಯಿ ಕಡಿಮೆ, ಅಂದರೆ 393 ಎಂದರೆ, ಇಡೀ ಮಾಲಿಗೆ 400ರ ದರವೇ ನಿಮಗೆ ಮೇಲು.