ಲಾಭಾಂಶವೋ, ಗ್ರೋಥೋ?

"ಜಯನಗರದಲ್ಲಿದ್ದೇನೆ, ಶೇ 30ರ ತೆರಿಗೆ ಹಂತ. ಮಗಳ ಶಾಲಾ ಶುಲ್ಕಕ್ಕೆ ಈಕ್ವಿಟಿ ಫಂಡ್‌ನಲ್ಲಿ ಲಾಭಾಂಶದ ಆಯ್ಕೆ ಒಳ್ಳೆಯದಲ್ಲವೇ?"

ಬೇಡ, ಲಾಭವನ್ನು ಹಂಚದೆ ಫಂಡ್‌ನಲ್ಲೇ ಬೆಳೆಯಲು ಬಿಡುವ ಗ್ರೋಥ್ ಆಯ್ಕೆ ತೆಗೆದುಕೊಳ್ಳಿ. ಲಾಭಾಂಶ ಮೇಲಿನಿಂದ ಬರುವ ಹಣವಲ್ಲ, ನಿಮ್ಮದೇ ಹಣ. 10,000 ಯೂನಿಟ್, ಒಂದು ಯೂನಿಟ್‌ನ ಬೆಲೆ ಅಂದರೆ ಎನ್‌ಎವಿ 50 ರೂಪಾಯಿ ಎಂದುಕೊಳ್ಳಿ. ಯೂನಿಟ್‌ಗೆ 3 ರೂಪಾಯಿ ಕೊಟ್ಟ ದಿನವೇ ಎನ್‌ಎವಿ 47ರ ಆಸುಪಾಸಿಗೆ ಇಳಿಯುತ್ತದೆ. ಕೈಗೆ ಬಂದ 30,000ದಲ್ಲಿ ಸೆಸ್ ಸೇರಿ 9,360 ರೂಪಾಯಿ ತೆರಿಗೆಗೆ ಹೋಗುತ್ತದೆ.

ಗ್ರೋಥ್‌ನಲ್ಲಿ 600 ಯೂನಿಟ್ ಮಾರಿದರೂ ಅದೇ 30,000. ಖರೀದಿ ಬೆಲೆ 40 ಆಗಿದ್ದರೆ ಲಾಭ ಬರೀ 6,000. ವರ್ಷ ದಾಟಿದ ಯೂನಿಟ್‌ಗಳಾದರೆ, ವರ್ಷದ ಒಟ್ಟು ದೀರ್ಘಾವಧಿ ಲಾಭ 1.25 ಲಕ್ಷ ಮೀರುವವರೆಗೆ ತೆರಿಗೆಯೇ ಇಲ್ಲ; ಮೀರಿದ್ದಕ್ಕೆ ಮಾತ್ರ ಶೇ 12.5. ಆಗ ತೆರಿಗೆಗೆ ಹೋಗಬೇಕಿದ್ದ ಆ 9,360 ನಿಮ್ಮ ಕೈಯಲ್ಲೇ ಉಳಿಯುತ್ತದೆ. ಈಗಾಗಲೇ ಲಾಭಾಂಶದಲ್ಲಿದ್ದರೆ ಎಚ್ಚರ: ಗ್ರೋಥ್‌ಗೆ ಬದಲಾಯಿಸುವುದೂ ಮಾರಾಟವೆಂದೇ ಲೆಕ್ಕ.