5 ಮಿಮೀ ಪಾಕೆಟ್ ಇದ್ದರೆ ಯಾವ ಹಂತ?

*ಸಂಪಾದಕರೇ, ನಾನು ದಂತವೈದ್ಯಕೀಯ ವಿದ್ಯಾರ್ಥಿನಿ. ಪರೀಕ್ಷೆಯಲ್ಲಿ ಹಲ್ಲುಗಳ ನಡುವೆ ಪಾಕೆಟ್ 5 ಮಿಮೀ, ಒಸಡಿನ ಅಂಚು ಸಿಇಜೆಯಿಂದ ಕ್ರೌನ್ ಕಡೆಗೆ 2 ಮಿಮೀ ಎಂದು ಕೊಟ್ಟು, ಒಸಡಿನ ಕಾಯಿಲೆ ಪೆರಿಯೊಡಾಂಟೈಟಿಸ್ ಯಾವ ಹಂತ ಎಂದು ಕೇಳಿದ್ದರು. 5 ನೋಡಿ ಮೂರನೇ ಹಂತ ಎಂದೆ. ಕೀ ಉತ್ತರ ಎರಡನೇ ಹಂತ. ಕೋಷ್ಟಕ ಪೂರ್ತಿ ಬಾಯಿಪಾಠ ಇತ್ತು!*

ಕೀ ಉತ್ತರ ಸರಿಯಾಗಿದೆ, ತಂಗಿ. ಕೋಷ್ಟಕ ಬಾಯಿಪಾಠ ಮಾಡುವುದೂ ಬೇಕು, ಒಪ್ಪುತ್ತೇನೆ. ಆದರೆ ಆ 5 ಎಲ್ಲಿಂದ ಶುರುವಾಗುವ ಅಳತೆ ಎಂದು ನೀವು ಕೇಳಿಕೊಳ್ಳಲಿಲ್ಲ ಅಲ್ವಾ?

ಪಾಕೆಟ್ ಅಂದರೆ ಹಲ್ಲು ಮತ್ತು ಒಸಡಿನ ನಡುವಿನ ಸಂದು; ಅದರ ಆಳವನ್ನು ಒಸಡಿನ ಅಂಚಿನಿಂದ ಅಳೆಯುತ್ತಾರೆ. ಆ ಅಂಚು ನಿಂತಲ್ಲಿ ನಿಲ್ಲುವುದಿಲ್ಲ. ಬ್ಯಾಕ್ಟೀರಿಯಾದ ಅಂಟು ಪದರ ಪ್ಲಾಕ್ ಕೂತಲ್ಲಿ ಒಸಡು ಊದಿ ಮೇಲೆ ಏರುತ್ತದೆ, ಇಲ್ಲವೇ ಸವೆದು ಇಳಿಯುತ್ತದೆ. ಎನಾಮೆಲ್ ಮುಗಿದು ಬೇರು ಶುರುವಾಗುವ ಸಿಇಜೆ ಗೆರೆ ಮಾತ್ರ ಕದಲುವುದಿಲ್ಲ. ಹಾಗಾಗಿ ಪೆರಿಯೊಡಾಂಟೈಟಿಸ್‌ನ 2017ರ ವರ್ಗೀಕರಣ ಮೊದಲು ನೋಡುವುದು ಆ ಗೆರೆಯಿಂದ ಹಲ್ಲಿನ ಮೇಲೆ ಒಸಡಿನ ಹಿಡಿತ ಎಷ್ಟು ಕಳಚಿದೆ ಎಂದು. ನಿಮ್ಮ ಲೆಕ್ಕದಲ್ಲಿ 5ರಿಂದ 2 ಕಳೆದರೆ 3. 3–4 ಮಿಮೀ ಅಂದರೆ ಎರಡನೇ ಹಂತ.

ಈಗ ತಿರುಗಿಸಿ ನೋಡಿ. ಪಾಕೆಟ್ ಬರೀ 3 ಮಿಮೀ, ಆದರೆ ಒಸಡು ಸಿಇಜೆಗಿಂತ 2 ಮಿಮೀ ಬೇರಿನ ಕಡೆ ಇಳಿದಿದೆ. ಇಲ್ಲಿ ಕೂಡಬೇಕು: 5. ಇದು ಕನಿಷ್ಠ ಮೂರನೇ ಹಂತ. ಆಳ ಅಳೆಯುವ ಕಡ್ಡಿ ಪ್ರೋಬ್‌ಗೆ ಆರಾಮಾಗಿ ಕಂಡ ಹಲ್ಲೇ ಜಾಸ್ತಿ ಕೆಟ್ಟಿರುವುದು! ಹಾಗಂತ ಆಳ ಬೇಡವೇ ಬೇಡ ಎಂದಲ್ಲ. ಹಿಡಿತದ ಲೆಕ್ಕ ಎರಡನೇ ಹಂತ ಎಂದರೂ, ಪಾಕೆಟ್ 6 ಮಿಮೀ ಮುಟ್ಟಿದರೆ ಚಿಕಿತ್ಸೆಯ ಕಷ್ಟಕ್ಕಾಗಿ ಮೂರಕ್ಕೆ ಏರಿಸಬಹುದು. ನಿಮ್ಮ ಪ್ರಶ್ನೆಯಲ್ಲಿ 5 ಇತ್ತು, ಅಷ್ಟರಲ್ಲಿ ನೀವು ಬಚಾವ್.

ನಾಲ್ಕು ಆಯ್ಕೆಗಳ ಪರೀಕ್ಷೆ ಮೇಲೆ ನನಗೆ ಹಳೆಯ ಸಿಟ್ಟಿದೆ. ಹುಳುಕಿನ ಪ್ರಶ್ನೆಯಲ್ಲೂ ಇದೇ ಕಥೆ. ಕಾರಣ ಯಾವುದು ಎಂದು ಕೇಳಿ, ಸ್ಟ್ರೆಪ್ಟೊಕಾಕಸ್ ಮ್ಯುಟಾನ್ಸ್‌ಗೆ ಗುರುತು ಹಾಕಿಸಿ ಮುಂದೆ ಹೋಗುತ್ತಾರೆ. ಆ ಬ್ಯಾಕ್ಟೀರಿಯಾ ಹುಳುಕಿಲ್ಲದ ಬಾಯಲ್ಲೂ ಇರಬಹುದು. ಸಕ್ಕರೆ ಬಿದ್ದ ಕೆಲವೇ ನಿಮಿಷಕ್ಕೆ ಪ್ಲಾಕ್‌ನ ಪಿಎಚ್ ಸುಮಾರು 5.5ಕ್ಕಿಂತ ಇಳಿದು ಎನಾಮೆಲ್ ಖನಿಜ ಬಿಡುತ್ತದೆ. ಜೊಲ್ಲು ಅದನ್ನು ಮೇಲೆತ್ತಲು ಅರ್ಧ ಗಂಟೆಯೋ ಹೆಚ್ಚೋ ಬೇಕು. ಅಷ್ಟರೊಳಗೆ ಇನ್ನೊಂದು ತುತ್ತು ಸಿಹಿ ಬಿದ್ದರೆ ಪಿಎಚ್ ಮತ್ತೆ ಕೆಳಗೆ. ಎಷ್ಟು ಸಕ್ಕರೆ ಎನ್ನುವುದಕ್ಕಿಂತ ಎಷ್ಟು ಸಲ ಎನ್ನುವುದು ಮುಖ್ಯ ಎಂದು ಹೇಳುವುದು ಇದಕ್ಕೇ. ಇದನ್ನು ಎ, ಬಿ, ಸಿ, ಡಿ ಒಳಗೆ ತುರುಕಿದರೆ ಉಳಿಯುವುದು ಒಂದು ಹೆಸರು, ಅಷ್ಟೇ.

ಮುಂದಿನ ಸಲ ಆಯ್ಕೆ ಓದುವ ಮೊದಲು ಪ್ರಶ್ನೆಪತ್ರಿಕೆಯ ಅಂಚಲ್ಲಿ ಒಂದು ಹಲ್ಲು ಬರೆದು, ಸಿಇಜೆ ಗೆರೆ ಎಳೆದು, ಒಸಡು ಅದರ ಯಾವ ಕಡೆ ಇದೆ ಎಂದು ಗುರುತು ಮಾಡಿ. ಕಳೆಯಬೇಕೋ ಕೂಡಬೇಕೋ ಆಮೇಲೆ ತಾನಾಗಿಯೇ ಕಾಣುತ್ತದೆ.